ಪೋಸ್ಟ್‌ಮಾಸ್ಟರ್‌ನಲ್ಲಿ ಸ್ಪ್ಯಾಮ್ ದರ ಸೊನ್ನೆ, ಆದರೂ ಓಣಂ ಆಫರ್ ಮೇಲ್ ಯಾರಿಗೂ ಕಾಣುವುದಿಲ್ಲ

ಬದಿಯಡ್ಕ_ಹಪ್ಪಳ

ಎಲ್ಲರಿಗೂ ನಮಸ್ಕಾರ. ನಮ್ಮದು ಹಲಸಿನ ಹಪ್ಪಳ, ಸಾಂತಾಣಿ, ಮಿಡಿ ಉಪ್ಪಿನಕಾಯಿ ಆನ್‌ಲೈನಿನಲ್ಲಿ ಮಾರುವ ಅಂಗಡಿ. ಸ್ವಂತ ಡೊಮೇನ್ ಉಂಟು, ಮೇಲ್ ಕಳಿಸಲಿಕ್ಕೆ ಒಂದು ಮೇಲ್ ಸರ್ವಿಸ್‌ಗೆ ತಿಂಗಳ ಲೆಕ್ಕದಲ್ಲಿ ದುಡ್ಡು ಕಟ್ಟುತ್ತೇವೆ. ಲಿಸ್ಟಿನಲ್ಲಿ 9,400 ವಿಳಾಸ, ಅದರಲ್ಲಿ ಸುಮಾರು 7,600 ಜಿಮೇಲ್.

ಓಣಂ ಆಫರಿಗೆ ಮೂರು ಸಲ ಇಡೀ ಲಿಸ್ಟಿಗೆ ಕಳಿಸಿದೆವು. ಮೊದಲನೆಯದರಲ್ಲಿ 870 ಬೌನ್ಸ್ ಆಗಿ ತಲುಪದೆ ವಾಪಸ್ ಬಂತು, 210 ಕ್ಲಿಕ್. ಎರಡನೆಯದಕ್ಕೆ 90 ಕ್ಲಿಕ್, ಮೂರನೆಯದಕ್ಕೆ 40. ಜಿಮೇಲಿಗೆ ಹೋದ ಮೇಲಿನ ಲೆಕ್ಕ ತೋರಿಸುವ ಗೂಗಲಿನ ಪೋಸ್ಟ್‌ಮಾಸ್ಟರ್ ಟೂಲ್ಸ್ ನೋಡಿದರೆ ಸ್ಪ್ಯಾಮ್ ದರ ಮೊದಲ ಸಲ 1.1%, ಆಮೇಲೆ 0.4%, ಕಡೆಗೆ 0.0%. ದರ ಇಳಿದ ಹಾಗೆ ವ್ಯಾಪಾರ ಏರಬೇಕಿತ್ತಲ್ಲ? ಅದರ ಮೇಲೆ ಈಗ ಆರ್ಡರ್ ಮಾಡಿದವರೇ ಫೋನ್ ಮಾಡಿ "ಬಿಲ್ ಬರಲಿಲ್ಲ" ಅನ್ನುತ್ತಿದ್ದಾರೆ. ಮೇಲ್ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ಎಲ್ಲ ಹಾಕಿದ್ದೇವೆ. ಎಲ್ಲಿ ಹಿಡಿದುಕೊಂಡಿದೆ ಅಂತ ಗೊತ್ತಾಗುವುದಿಲ್ಲ.

ಉಪ್ಪಳ_ಡಿಜಿಟಲ್

ಸಬ್ಜೆಕ್ಟ್ ಲೈನಿನಲ್ಲಿ "ಆಫರ್", "ಫ್ರೀ" ಇದ್ದರೆ ತೆಗೆಯಿರಿ, ಸ್ಪ್ಯಾಮ್ ಫಿಲ್ಟರ್ ಅಂಥ ಶಬ್ದವನ್ನೇ ಹುಡುಕುತ್ತದೆ. ವೆರಿಫಿಕೇಶನ್ ಟೂಲಿನಲ್ಲಿ ಲಿಸ್ಟ್ ಒಮ್ಮೆ ಸೋಸಿ. ಡೊಮೇನ್ ಈಗ ಕೆಟ್ಟಿದೆ, ಹೊಸದೊಂದು ತೆಗೆದುಕೊಂಡು ಅಲ್ಲಿಂದ ಕಳಿಸಿ. ವರ್ಷಕ್ಕೆ ಸಾವಿರ ರೂಪಾಯಿ ಖರ್ಚು, ಕೆಲಸ ಮುಗಿಯಿತು.

ಕುಂಬಳೆ_ಅಂಚೆ

ಹಪ್ಪಳದವರೇ, ಡೊಮೇನ್ ಬದಲಿಸುವ ಮೊದಲು ಎರಡು ಸಂಗತಿ ನೋಡಿ ಹೇಳಿ.

ಒಂದು, ನಿಮ್ಮದೇ ಆಫರ್ ಮೇಲನ್ನು ಜಿಮೇಲಿನಲ್ಲಿ ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ Show original ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ PASS ಇದ್ದರೆ ಸಾಲದು. ಡಿಕಿಮ್ ಸಾಲಿನಲ್ಲಿ ಯಾರ ಡೊಮೇನ್ ಹೆಸರು ಉಂಟು ನೋಡಿ. ಅಲ್ಲಿ ಮೇಲ್ ಸರ್ವಿಸಿನವರ ಹೆಸರಿದ್ದರೆ ಸಹಿ ಅವರದ್ದು, ನಿಮ್ಮದಲ್ಲ. ಪೋಸ್ಟ್‌ಮಾಸ್ಟರಿನಲ್ಲಿ ನಿಮ್ಮ ಲೆಕ್ಕವೂ ಆಗ ಸರಿಯಾಗಿ ಬರುವುದಿಲ್ಲ.

ಎರಡು, ಮೂರೂ ಸಲದ ಕ್ಲಿಕ್ಕುಗಳನ್ನು ಜಿಮೇಲ್ ಮತ್ತು ಉಳಿದವು ಅಂತ ಎರಡು ಪಾಲು ಮಾಡಿ. ಓಪನ್ ಲೆಕ್ಕ ಬೇಡ. 2021ರಿಂದ ಆಪಲ್ ಮೇಲ್ ಆ್ಯಪ್ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ, ಹಾಗಾಗಿ ಓದದವರೂ ಓದಿದ ಹಾಗೆ ಲೆಕ್ಕ ಬರುತ್ತದೆ.

ಬದಿಯಡ್ಕ_ಹಪ್ಪಳ

ನೋಡಿದೆ. ಮೂರೂ PASS, ಡಿಕಿಮ್ ಪಕ್ಕದಲ್ಲಿ ನಮ್ಮ ಡೊಮೇನೇ ಉಂಟು. ಡಿಮಾರ್ಕ್ `p=none`.

ಕ್ಲಿಕ್: ಮೊದಲ ಸಲ ಜಿಮೇಲ್ 175, ಉಳಿದವು 35. ಮೂರನೆಯ ಸಲ ಜಿಮೇಲ್ 9, ಉಳಿದವು 31.

ಕುಂಬಳೆ_ಅಂಚೆ

ನಿಮ್ಮ ಪ್ರಶ್ನೆಗೆ ಉತ್ತರ ಈ ನಾಲ್ಕು ಅಂಕೆಯಲ್ಲೇ ಉಂಟು. ಯಾಹೂ, ಔಟ್‌ಲುಕ್, ಕಂಪನಿ ವಿಳಾಸದವರು ಮೂರನೆಯ ಸಲವೂ ಮೊದಲಿನಷ್ಟೇ ಒತ್ತಿದ್ದಾರೆ. ಅಂದರೆ ಹಪ್ಪಳದ ಮೇಲೆ ಜನರಿಗೆ ಬೇಸರ ಬಂದಿಲ್ಲ, ಸಬ್ಜೆಕ್ಟ್ ಲೈನೂ ಕೆಟ್ಟಿಲ್ಲ. ಜಿಮೇಲಿನಲ್ಲಿ ಮಾತ್ರ 175 ಇದ್ದದ್ದು 9ಕ್ಕೆ ಬಿದ್ದಿದೆ. ಅಲ್ಲಿ ಮೇಲ್ ಹೆಚ್ಚುಕಡಿಮೆ ಪೂರ್ತಿ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತಿದೆ.

ಇನ್ನು ಆ 0.0%. ಜಿಮೇಲ್ ಲೆಕ್ಕ ಹಾಕುವುದು ಹೀಗೆ: ಇನ್‌ಬಾಕ್ಸಿಗೆ ಬಂದ ಮೇಲುಗಳಲ್ಲಿ ಎಷ್ಟನ್ನು ಓದುಗರು ತಾವಾಗಿ ಸ್ಪ್ಯಾಮ್ ಅಂತ ಒತ್ತಿದರು ಎಂಬುದು. ಜಿಮೇಲ್ ತಾನೇ ಸ್ಪ್ಯಾಮಿಗೆ ಹಾಕಿದ ಮೇಲ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದದ್ದನ್ನು ಪುನಃ ಸ್ಪ್ಯಾಮ್ ಅಂತ ಯಾರು ಒತ್ತುತ್ತಾರೆ? ನಿಮ್ಮ ದರ 1.1ರಿಂದ 0.0ಗೆ ಇಳಿದದ್ದು ದೂರು ನಿಂತದ್ದರಿಂದ ಅಲ್ಲ, ದೂರು ಕೊಡಬಲ್ಲವರ ಕಣ್ಣಿಗೆ ಮೇಲ್ ಬೀಳದೆ ಹೋದದ್ದರಿಂದ. ದರವೂ ಕ್ಲಿಕ್ಕೂ ಒಟ್ಟಿಗೆ ಬಿದ್ದರೆ ಅದು ಕೆಟ್ಟ ಸುದ್ದಿ. ದರ ಬಿದ್ದು ಕ್ಲಿಕ್ ನಿಂತಲ್ಲೇ ನಿಂತರೆ ಮಾತ್ರ ನೆಮ್ಮದಿ.

ಗೂಗಲ್ ಹೇಳುವ ಮಿತಿ 0.1%ಕ್ಕಿಂತ ಕೆಳಗೆ ಇರಬೇಕು, 0.3% ಮುಟ್ಟಲೇಬಾರದು ಎಂದು. ಇದು ಎಷ್ಟು ಸಣ್ಣದು ಅಂತ ಲೆಕ್ಕ ಹಾಕಿ: 2,000 ಇನ್‌ಬಾಕ್ಸಿಗೆ ಬಂದರೆ ಅದರಲ್ಲಿ ಆರು ಜನ ಒತ್ತಿದರೆ 0.3% ಆಯಿತು. 1.1% ಅಂದರೆ ಇಪ್ಪತ್ತೆರಡು ಜನ. ಅಷ್ಟು ಜನ ಒತ್ತಿದ್ದು ಯಾಕೆ, ಅವರು ಯಾರು ಅಂತ ಹುಡುಕುವುದೇ ಈಗಿನ ಕೆಲಸ. ಸ್ಪ್ಯಾಮ್ ಒತ್ತಿದವರ ವಿಳಾಸವನ್ನು ಜಿಮೇಲ್ ಕೊಡುವುದಿಲ್ಲ. ಹಾಗಾಗಿ ಬೌನ್ಸಿನಿಂದ ಊಹಿಸಬೇಕು. 9,400 ವಿಳಾಸ ಎಲ್ಲೆಲ್ಲಿಂದ ಬಂದದ್ದು, 870 ಬೌನ್ಸ್ ಯಾವ ಮೂಲದಲ್ಲಿ ಎಷ್ಟು?

ಮುಳ್ಳೇರಿಯ_ನರ್ಸರಿ

ನನ್ನದೂ ಇದೇ ಕಷ್ಟ ಮಾರಾಯ್ರೆ. ಅಡಿಕೆ, ತೆಂಗಿನ ಗಿಡದ ರೇಟು ಪಟ್ಟಿಯನ್ನು 180 ಕೃಷಿಕರಿಗೆ ಜಿಮೇಲಿನಿಂದಲೇ ಬಿಸಿಸಿ ಹಾಕಿ ಕಳಿಸುತ್ತೇನೆ. ಎಲ್ಲ Promotions ಅಂತ ಬೇರೆ ಕಡೆ ಹೋಗಿ ಕೂರುತ್ತದೆ. ಸ್ಪ್ಯಾಮಿನಿಂದ ತೆಗೆಯುವುದು ಹೇಗೆ? ನಾನೂ ಒಂದು ಮೇಲ್ ಸರ್ವಿಸ್ ಹಿಡಿದರೆ ಸರಿಯಾದೀತಾ?

ಕುಂಬಳೆ_ಅಂಚೆ

ನರ್ಸರಿಯವರೇ, Promotions ಸ್ಪ್ಯಾಮ್ ಅಲ್ಲ. ಅದು ಇನ್‌ಬಾಕ್ಸಿನದೇ ಒಂದು ಭಾಗ, ರೇಟು ಪಟ್ಟಿಗೆ ಅಲ್ಲಿ ಜಾಗ ಸಿಕ್ಕಿದರೆ ನ್ಯಾಯವೇ. ಅಲ್ಲಿಂದ ತಪ್ಪಿಸಿಕೊಳ್ಳಲಿಕ್ಕೆ ಸರ್ಕಸ್ ಮಾಡಬೇಡಿ. ಮೇಲ್ ಸರ್ವಿಸ್ ಹಿಡಿಯುವುದಾದರೆ ಕಳಿಸುವ ವಿಳಾಸ ಜಿಮೇಲಿನದ್ದು ಇಡಬಾರದು. ಬೇರೆ ಸರ್ವರಿನಿಂದ ಹೊರಟ ಮೇಲಿನಲ್ಲಿ ಜಿಮೇಲ್ ವಿಳಾಸ ಇದ್ದರೆ ಡಿಮಾರ್ಕ್ ಹೊಂದುವುದೇ ಇಲ್ಲ, ಆಗ ನಿಜವಾಗಿಯೂ ಸ್ಪ್ಯಾಮಿಗೆ ಹೋಗುತ್ತದೆ. ಮೊದಲು ಸ್ವಂತ ಡೊಮೇನ್ ಮಾಡಿ. 180 ಜನರಿಗೆ ವಾಟ್ಸ್‌ಆ್ಯಪ್ ಕೂಡ ಸಾಕು.

ಬದಿಯಡ್ಕ_ಹಪ್ಪಳ

ಮೂಲ ಹೀಗೆ ಬಿಡಿಸಿದೆ:

ಅಂಗಡಿಯಲ್ಲಿ ಆರ್ಡರ್ ಮಾಡಿದವರು 3,100, ಬೌನ್ಸ್ 60.
ಮೇಳಗಳ ಸ್ಟಾಲಿನಲ್ಲಿ ಪುಸ್ತಕದಲ್ಲಿ ಬರೆಸಿಕೊಂಡದ್ದು 2,300, ಬೌನ್ಸ್ 390.
ಲಕ್ಕಿ ಡ್ರಾ ಕೂಪನ್ 1,600, ಬೌನ್ಸ್ 110.
ಪರಿಚಯದವರೊಬ್ಬರು ಕೊಟ್ಟ ಗಲ್ಫ್ ಕನ್ನಡಿಗರ ವಿಳಾಸಪಟ್ಟಿ 2,400, ಬೌನ್ಸ್ 310.

ಪೆರ್ಲದವ_ಶಾರ್ಜಾ

ಆ ಗಲ್ಫ್ ಪಟ್ಟಿ ಇಲ್ಲಿ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ನಿಮ್ಮದೇ ಅಂಗಡಿಯದ್ದೋ ಗೊತ್ತಿಲ್ಲ, ಆದರೆ ಊರಿನ ಹಪ್ಪಳದ ಮೇಲ್ ಒಂದು ನನಗೂ ಬಂದಿತ್ತು. ನಾನು ಯಾವತ್ತೂ ಕೇಳಿದ್ದಲ್ಲ, ಕೊಂಡದ್ದೂ ಅಲ್ಲ. ಊರಿನವರದ್ದು ಅಂತ ಮರ್ಯಾದೆಗೆ ಅನ್‌ಸಬ್‌ಸ್ಕ್ರೈಬ್ ಹುಡುಕಿದೆ. ತೀರಾ ಕೆಳಗೆ ಬೂದು ಬಣ್ಣದ ಅಕ್ಷರದಲ್ಲಿತ್ತು. ಒತ್ತಿದರೆ ಅಂಗಡಿಯ ಲಾಗಿನ್ ಪುಟ ಬಂತು. ನನಗೆ ಅಲ್ಲಿ ಅಕೌಂಟೇ ಇಲ್ಲ, ಪಾಸ್‌ವರ್ಡ್ ಎಲ್ಲಿಂದ ತರುವುದು? ಮೇಲೆ ಸ್ಪ್ಯಾಮ್ ಬಟನ್ ಇತ್ತು, ಒತ್ತಿಬಿಟ್ಟೆ. ಎಲ್ಲರೂ ಹಾಗೇ ಮಾಡುವುದು.

ಬದಿಯಡ್ಕ_ಹಪ್ಪಳ

ಅಣ್ಣ, ಅದು ನಮ್ಮದೇ ಇರಬೇಕು. ಫೂಟರಿನ ಲಿಂಕ್ ಅಂಗಡಿಯ "ಮೈ ಅಕೌಂಟ್" ಪುಟಕ್ಕೆ ಹೋಗುತ್ತದೆ. ನಿಮ್ಮ ವಿಳಾಸವನ್ನು ಇವತ್ತೇ ತೆಗೆಸುತ್ತೇನೆ, ಇಲ್ಲಿ ಬರೆಯಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿ.

ಕುಂಬಳೆ_ಅಂಚೆ

ಶಾರ್ಜಾದ ಅಣ್ಣ ಹೇಳಿದ್ದು ಚಿನ್ನದಂಥ ಮಾಹಿತಿ. ಮೊದಲು ಆ ಬಾಗಿಲು ಸರಿಮಾಡಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲಿನ ನಿಯಮ ಬಿಗಿಯಾಗಿದೆ. ಒಂದೇ ಒಂದು ದಿನ ಆ ಗಡಿ ದಾಟಿದರೂ ಆಮೇಲೆ ನೀವು ಅದೇ ಸಾಲಿನವರು. 7,600 ಕಳಿಸಿದ ನಿಮಗೆ ಅದು ಅನ್ವಯಿಸುತ್ತದೆ. ಪ್ರಚಾರದ ಮೇಲಿಗೆ ಈ ಎರಡು ಹೆಡರ್ ಬೇಕೇ ಬೇಕು:

```
List-Unsubscribe: <https://offers.example.in/u?id=8f3k2>
List-Unsubscribe-Post: List-Unsubscribe=One-Click
```

ಇವು ಇದ್ದರೆ ಜಿಮೇಲ್ ಕಳಿಸಿದವರ ಹೆಸರಿನ ಹತ್ತಿರವೇ Unsubscribe ಬಟನ್ ತೋರಿಸಬಹುದು. ಒತ್ತಿದ ಕೂಡಲೇ ನಿಮ್ಮ ಸರ್ವರಿಗೆ ಒಂದು ಪೋಸ್ಟ್ ವಿನಂತಿ ಬರುತ್ತದೆ, ಲಾಗಿನ್ ಇಲ್ಲ, ಪ್ರಶ್ನೆ ಇಲ್ಲ. ಎರಡು ದಿನದೊಳಗೆ ಹೆಸರು ತೆಗೆದಿರಬೇಕು. ನಿಮ್ಮ ಮೇಲ್ ಸರ್ವಿಸ್ ಇದನ್ನು ತಾನೇ ಹಾಕಬಹುದು. Show original ತೆರೆದು ಈ ಎರಡು ಸಾಲು ಉಂಟೋ ಹುಡುಕಿ.

ಫೂಟರಿನ ಲಿಂಕಿನದ್ದು ಬೇರೆ ಕಥೆ. ಕಂಪನಿಗಳ ಸೆಕ್ಯೂರಿಟಿ ಸ್ಕ್ಯಾನರುಗಳು ಮೇಲಿನೊಳಗಿನ ಎಲ್ಲ ಲಿಂಕನ್ನೂ ತೆರೆದು ನೋಡುತ್ತವೆ. ಲಿಂಕ್ ತೆರೆದ ಮಾತ್ರಕ್ಕೆ ಹೆಸರು ತೆಗೆಯುವ ಹಾಗೆ ಮಾಡಿದರೆ, ಬೇಕೆಂದವರ ಹೆಸರೂ ಹೋಗುತ್ತದೆ. ಹಾಗಾಗಿ ಆ ಪುಟದಲ್ಲಿ "ನಿಲ್ಲಿಸಿ" ಅಂತ ಒಂದು ಬಟನ್ ಇರಲಿ. ಪಾಸ್‌ವರ್ಡ್ ಮಾತ್ರ ಬೇಡ. ಲಿಂಕಿನ ಅಕ್ಷರ ಕಣ್ಣಿಗೆ ಕಾಣುವಷ್ಟು ದೊಡ್ಡದಿರಲಿ.

ಕುಂಬಳೆ_ಅಂಚೆ

ಈಗ ಬೌನ್ಸ್. ಆರ್ಡರ್ ಮಾಡಿದವರಲ್ಲಿ ನೂರಕ್ಕೆ ಎರಡು, ಇದು ಹಳೆಯ ಗ್ರಾಹಕರಿದ್ದಲ್ಲಿ ಆಗುವಂಥದ್ದೇ. ಸ್ಟಾಲ್ ಪುಸ್ತಕದಲ್ಲಿ ನೂರಕ್ಕೆ ಹದಿನೇಳು, ಗಲ್ಫ್ ಪಟ್ಟಿಯಲ್ಲಿ ಹದಿಮೂರು. ಎರಡರ ಕಾಯಿಲೆ ಬೇರೆ ಬೇರೆ.

ಗಲ್ಫ್ ಪಟ್ಟಿ ಹಳೆಯದಾಗಿದೆ, ಮತ್ತು ಅದರಲ್ಲಿರುವ ಯಾರೂ ನಿಮಗೆ ಒಪ್ಪಿಗೆ ಕೊಟ್ಟದ್ದಲ್ಲ. ಇಡೀ 2,400 ತೆಗೆಯಿರಿ. ಬೌನ್ಸ್ ಆಗದವರನ್ನು ಇಟ್ಟುಕೊಳ್ಳುವ ಆಸೆ ಬೇಡ, ಸ್ಪ್ಯಾಮ್ ಒತ್ತುವವರು ಇರುವುದು ಅವರಲ್ಲೇ. ಬಹಳ ಕಾಲ ಯಾರೂ ಬಳಸದೆ ಬಿಟ್ಟ ವಿಳಾಸಗಳನ್ನು ಕೆಲವು ಮೇಲ್ ಕಂಪನಿಗಳು, ಬ್ಲಾಕ್‌ಲಿಸ್ಟ್ ನಡೆಸುವವರು ಬಲೆಯಾಗಿ ಇಡುತ್ತಾರೆ. ಅದಕ್ಕೆ ಕಳಿಸಿದರೆ ಬೌನ್ಸ್ ಬರುವುದಿಲ್ಲ, ನಿಮ್ಮ ಹೆಸರು ಮಾತ್ರ ಕೆಡುತ್ತದೆ.

ಸ್ಟಾಲ್ ಪುಸ್ತಕದ ಸಮಸ್ಯೆ ಕೈಬರಹ. ಬೌನ್ಸ್ ಆದ 390ರಲ್ಲಿ gmail.con, gmai.com, ಸೊನ್ನೆಯ ಜಾಗದಲ್ಲಿ ಓ ಅಕ್ಷರ, ಇಂಥದ್ದು ಎಷ್ಟುಂಟು ನೋಡಿ. ಒಂದು ಎಚ್ಚರ: ಇವನ್ನು ನೀವೇ ತಿದ್ದಿ ಕಳಿಸಬೇಡಿ. ತಿದ್ದಿದ ವಿಳಾಸ ಬೇರೆ ಯಾರದ್ದೋ ಆಗಿದ್ದರೆ ಅವರು ನೇರ ಸ್ಪ್ಯಾಮ್ ಒತ್ತುತ್ತಾರೆ. gmail.con ಎಂಬ ಡೊಮೇನೇ ಇಲ್ಲ, ಅದು ತಾನಾಗಿ ಬೌನ್ಸ್ ಆಗುತ್ತದೆ. ತಪ್ಪು ಕಾಗುಣಿತದ ಡೊಮೇನನ್ನು ಯಾರೋ ಕೊಂಡು ಇಟ್ಟಿದ್ದರೆ ಮೇಲ್ ಸ್ವೀಕಾರವೂ ಆಗಿಬಿಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಪುಸ್ತಕದಲ್ಲಿ ಫೋನ್ ನಂಬರ್ ಉಂಟಾದರೆ ವಾಟ್ಸ್‌ಆ್ಯಪಿನಲ್ಲಿ ಸೈನ್‌ಅಪ್ ಲಿಂಕ್ ಕಳಿಸಿ, ಬೇಕಾದವರು ತಾವೇ ವಿಳಾಸ ಹಾಕಲಿ.

ಇನ್ನೊಂದು: ಜಿಮೇಲ್ ವಿಳಾಸದಲ್ಲಿ ಚುಕ್ಕೆಗೆ ಬೆಲೆ ಇಲ್ಲ. abc.d@gmail.com ಮತ್ತು abcd@gmail.com ಒಂದೇ ಪೆಟ್ಟಿಗೆ. ಪುಸ್ತಕದಲ್ಲೊಮ್ಮೆ, ಕೂಪನಿನಲ್ಲೊಮ್ಮೆ ಬರೆದವರಿಗೆ ನಿಮ್ಮ ಆಫರ್ ಎರಡೆರಡು ಹೋಗಿರುತ್ತದೆ. ಚುಕ್ಕೆ ತೆಗೆದು ಹೋಲಿಸಿ, ಒಂದನ್ನು ಉಳಿಸಿ. ಇದು ಜಿಮೇಲ್ ವಿಳಾಸಕ್ಕೆ ಮಾತ್ರ, ಬೇರೆ ಡೊಮೇನಿನವರಿಗೆ ಹೀಗೆ ಮಾಡಬೇಡಿ.

ಉಪ್ಪಳ_ಡಿಜಿಟಲ್

ಇದನ್ನೇ ಅಲ್ಲವಾ ನಾನು ಹೇಳಿದ್ದು, ವೆರಿಫಿಕೇಶನ್ ಟೂಲ್ ಹಾಕಿದರೆ ಆ 870 ಮೊದಲೇ ಸಿಗುತ್ತಿತ್ತು.

ಕುಂಬಳೆ_ಅಂಚೆ

ಹೌದು, ಅದರಲ್ಲಿ ಹೆಚ್ಚಿನದ್ದು ಸಿಗುತ್ತಿತ್ತು, ಆ ಮಾತು ಸರಿ. ಆದರೆ ಪೆಟ್ಟಿಗೆ ಉಂಟೋ ಇಲ್ಲವೋ ಅಷ್ಟೇ ಟೂಲ್ ಹೇಳುವುದು. ಶಾರ್ಜಾದ ಅಣ್ಣನ ವಿಳಾಸಕ್ಕೆ ಅದು "ಸರಿ" ಅಂತಲೇ ತೋರಿಸುತ್ತದೆ, ಸ್ಪ್ಯಾಮ್ ಒತ್ತಿದ್ದೂ ಅವರೇ. ಒಪ್ಪಿಗೆಯನ್ನು ಯಾವ ಟೂಲೂ ಅಳೆಯುವುದಿಲ್ಲ.

ಹೊಸ ಡೊಮೇನ್ ಮಾತ್ರ ಖಂಡಿತ ಬೇಡ. ಹೊಸತಕ್ಕೆ ಹಿಂದಿನ ಹೆಸರೇ ಇರುವುದಿಲ್ಲ, ಒಳ್ಳೆಯದೂ ಇಲ್ಲ ಕೆಟ್ಟದೂ ಇಲ್ಲ. ಮೊದಲ ದಿನವೇ ಅಲ್ಲಿಂದ ಒಂಬತ್ತು ಸಾವಿರ ಹೊರಟರೆ ಫಿಲ್ಟರಿಗೆ ಅದೇ ಸಂಶಯ. ಲಿಸ್ಟ್ ಹಳೆಯದೇ ಇದ್ದರೆ ಒತ್ತುವವರೂ ಅವರೇ. "ಆಫರ್" ಶಬ್ದದ ಬಗ್ಗೆಯೂ ಯೋಚಿಸಬೇಡಿ, ಅದೇ ಶಬ್ದ ಇದ್ದ ಮೇಲಿನಲ್ಲಿ ಜಿಮೇಲ್ ಅಲ್ಲದವರು ಮೂರನೆಯ ಸಲವೂ ಕ್ಲಿಕ್ ಮಾಡಿದ್ದಾರಲ್ಲ.

ನೀರ್ಚಾಲು_ಅಕ್ಕ

ಬಿಲ್ ಹೋಗದ ವಿಷಯಕ್ಕೆ ಯಾರೂ ಬರಲಿಲ್ಲ. ಅಂಗಡಿಗೆ ದೊಡ್ಡ ನಷ್ಟ ಅದೇ. ಆಫರ್ ಹೋಗದಿದ್ದರೆ ಒಂದು ಹಬ್ಬದ ವ್ಯಾಪಾರ ಹೋಯಿತು, ಬಿಲ್ ಹೋಗದಿದ್ದರೆ ದುಡ್ಡು ಕೊಟ್ಟವರಿಗೇ ಸಂಶಯ ಬರುತ್ತದೆ. ಎರಡೂ ಒಂದೇ ಡೊಮೇನಿನಿಂದ ಹೊರಡುವುದರಿಂದ ಆಫರಿನ ಕೆಟ್ಟ ಹೆಸರು ಬಿಲ್ಲಿಗೂ ಅಂಟಿದೆ. ಆಫರಿಗೆ `offers.` ಅಂತ ಸಬ್‌ಡೊಮೇನ್ ಮಾಡಿ, ಅದಕ್ಕೆ ಬೇರೆ ಡಿಕಿಮ್ ಕೀಲಿ ಹಾಕಿ. ಬಿಲ್ ಮುಖ್ಯ ಡೊಮೇನಿನಲ್ಲೇ ಉಳಿಯಲಿ.

ಕುಂಬಳೆ_ಅಂಚೆ

ಅಕ್ಕ ಹೇಳಿದ್ದು ಒಪ್ಪಿದೆ, ಆದರೆ ಲಿಸ್ಟ್ ಸೋಸಿದ ಮೇಲೆ. ಸಬ್‌ಡೊಮೇನೂ ಹೊಸತೇ, ಅದನ್ನೂ ಸಣ್ಣದರಿಂದ ಏರಿಸಬೇಕು. ಮತ್ತೆ ಸಬ್‌ಡೊಮೇನಿನ ಕೆಟ್ಟ ಹೆಸರು ಮೂಲಕ್ಕೆ ಸ್ವಲ್ಪವೂ ತಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ, ಕಡಿಮೆ ತಾಗುತ್ತದೆ ಅಷ್ಟೆ.

ಬದಿಯಡ್ಕ_ಹಪ್ಪಳ

ಗಲ್ಫ್ ಪಟ್ಟಿ, ಲಕ್ಕಿ ಡ್ರಾ, ಪುಸ್ತಕ ಮೂರೂ ತೆಗೆದರೆ 3,100 ಉಳಿಯುತ್ತದೆ. ಬೌನ್ಸ್ ಕಳೆದು 3,040. ಅದರಲ್ಲಿ ಒಂದು ವರ್ಷದೊಳಗೆ ಕೊಂಡವರು ಅಥವಾ ಕ್ಲಿಕ್ ಮಾಡಿದವರು 1,150. ಮೂರು ತಿಂಗಳೊಳಗಿನವರು 340. ಇವರಿಗೆ ಹೇಗೆ ಕಳಿಸುವುದು? ದೀಪಾವಳಿಗೆ ಮೊದಲು ಸರಿಯಾದೀತಾ?

ಕುಂಬಳೆ_ಅಂಚೆ

ಮೊದಲು 340 ಜನಕ್ಕೆ ಮಾತ್ರ. ಎರಡು ಮೂರು ದಿನ ಬಿಟ್ಟು, ಜಿಮೇಲಿನವರ ಕ್ಲಿಕ್ ಶೇಕಡಾ ಉಳಿದವರದ್ದಕ್ಕೆ ಹತ್ತಿರ ಬಂತಾ ನೋಡಿ. ಬಂದರೆ ಮುಂದಿನದ್ದು 600, ಆಮೇಲೆ 1,150. ಜಿಮೇಲಿನದ್ದು ಉಳಿದವರ ಅರ್ಧಕ್ಕಿಂತ ಕೆಳಗೇ ಇದ್ದರೆ ಮುಂದೆ ಹೋಗಬೇಡಿ, ಅದೇ 340ಕ್ಕೆ ವಾರ ಬಿಟ್ಟು ಇನ್ನೊಂದು ಕಳಿಸಿ. ಈ ಗುಂಪು ಸ್ಪ್ಯಾಮ್ ಫೋಲ್ಡರಿನಿಂದ ಹುಡುಕಿ ತೆಗೆದು "ಸ್ಪ್ಯಾಮ್ ಅಲ್ಲ" ಒತ್ತುವಂಥವರು. ಫೋನ್ ಮಾಡಿ ಬಿಲ್ ಕೇಳುವವರಿಗೆ ಅದನ್ನೇ ಹೇಳಿ, ಆ ಒಂದು ಒತ್ತು ನಿಮಗೆ ನಿಜವಾಗಿ ಉಪಕಾರ.

ಹೋಗುವಾಗ ಬರುವ ಉತ್ತರಗಳನ್ನು ಬಿಡಿಸಿ ಓದಿ. `550 5.1.1` ಅಂದರೆ ಆ ಪೆಟ್ಟಿಗೆಯೇ ಇಲ್ಲ, ಒಂದೇ ಸಲಕ್ಕೆ ತೆಗೆಯಿರಿ. `452 4.2.2` ಅಂದರೆ ಪೆಟ್ಟಿಗೆ ತುಂಬಿದೆ, ಸತತ ಮೂರು ಮೇಲಿಗೆ ಹಾಗೇ ಬಂದರೆ ತೆಗೆಯಿರಿ, ತುಂಬಿದ ಪೆಟ್ಟಿಗೆಯನ್ನು ಹೆಚ್ಚಾಗಿ ಯಾರೂ ನೋಡುವುದಿಲ್ಲ. `421 4.7.28` ಬಂದರೆ ನಿಮ್ಮ ಮೇಲ್ ಹೋಗುವ ವೇಗವನ್ನು ಜಿಮೇಲ್ ತಡೆದಿದೆ ಅಂತ, ಆ ದಿನ ಅಲ್ಲಿಗೇ ನಿಲ್ಲಿಸಿ. `550 5.7.26` ಬಂದರೆ ವಿಳಾಸವನ್ನು ಅಳಿಸಬೇಡಿ, ತಪ್ಪಿರುವುದು ನಿಮ್ಮ ಎಸ್‌ಪಿಎಫ್ ಅಥವಾ ಡಿಕಿಮ್ ಕಡೆ. ಎಷ್ಟೋ ಅಂಗಡಿಗಳು ಇದನ್ನು ಸಾಮಾನ್ಯ ಬೌನ್ಸ್ ಅಂತ ತಿಳಿದು ಒಳ್ಳೆಯ ಗ್ರಾಹಕರನ್ನೇ ಕಳೆದುಕೊಳ್ಳುತ್ತವೆ.

ದೀಪಾವಳಿಗೆ 1,150 ಜನಕ್ಕೆ ಇನ್‌ಬಾಕ್ಸಿಗೆ ಹೋಗುವ ಹಾಗೆ ಮಾಡಬಹುದು. 3,040ಕ್ಕೂ ಅಂತ ಹೊರಟರೆ ಪುನಃ ಕೆಡುತ್ತದೆ.

ನೀರ್ಚಾಲು_ಅಕ್ಕ

ಉಳಿದ 1,890 ಹಳೆಯ ಗ್ರಾಹಕರನ್ನು ಬಿಟ್ಟುಬಿಡುವುದಾ? ಅವರು ಒಮ್ಮೆ ದುಡ್ಡು ಕೊಟ್ಟು ಕೊಂಡವರು. ಪ್ರತಿ ಸಲ ಒಳ್ಳೆಯ ಗುಂಪಿನ ಜೊತೆ ನೂರು ನೂರರಂತೆ ಸೇರಿಸಿ, "ಮುಂದೆಯೂ ಬೇಕಾ" ಅಂತ ಒಂದೇ ಮೇಲ್ ಕಳಿಸಬಹುದು. ಒತ್ತಿದವರು ಉಳಿಯಲಿ, ಒತ್ತದವರು ಹೋಗಲಿ.

ಕುಂಬಳೆ_ಅಂಚೆ

ಎರಡು ವರ್ಷದೊಳಗಿನವರಿಗೆ ಹಾಗೆ ಮಾಡಬಹುದು, ಹೆಸರು ಸುಧಾರಿಸಿದ ಮೇಲೆ. ಅದಕ್ಕಿಂತ ಹಳೆಯವರಿಗೆ ನಾನಾದರೆ ಕಳಿಸುವುದಿಲ್ಲ. ಗೂಗಲ್ ಎರಡು ವರ್ಷ ಬಳಸದ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸುತ್ತಾ ಬಂದಿದೆ, ಅಷ್ಟು ಹಳೆಯ ವಿಳಾಸಗಳಲ್ಲಿ ಬೌನ್ಸ್ ಏರುತ್ತದೆ.

ನೀರ್ಚಾಲು_ಅಕ್ಕ

ಬೌನ್ಸ್ ಆಗುವವರನ್ನು ಉಪ್ಪಳದವರ ಟೂಲ್ ಮೊದಲೇ ಹಿಡಿಯುತ್ತದಲ್ಲ. ಇವರು ಕೊಂಡವರು, ಗಲ್ಫ್ ಪಟ್ಟಿಯವರಂತೆ ಅಪರಿಚಿತರಲ್ಲ. ನೂರು ಜನರ ಗುಂಪಿನಲ್ಲಿ ಒಬ್ಬರು ಸ್ಪ್ಯಾಮ್ ಒತ್ತಿದರೂ 1,150ರ ಜೊತೆ ಸೇರಿ ಲೆಕ್ಕ 0.1%ದ ಹತ್ತಿರವೇ ನಿಲ್ಲುತ್ತದೆ. ನನಗೆ ಅಷ್ಟು ಅಪಾಯ ಕಾಣುವುದಿಲ್ಲ.

ಕುಂಬಳೆ_ಅಂಚೆ

ಒಬ್ಬರಾದರೆ ಹೌದು. ಇಬ್ಬರಾದರೆ ದಾಟಿತು. ಇಲ್ಲಿ ನಮ್ಮಿಬ್ಬರ ಲೆಕ್ಕ ಹೊಂದುವುದಿಲ್ಲ ಅಕ್ಕ, ಅಂಗಡಿಯವರೇ ತೀರ್ಮಾನಿಸಲಿ.

ಬದಿಯಡ್ಕ_ಹಪ್ಪಳ

ಹಳೆಯವರ ವಿಷಯ ದೀಪಾವಳಿ ಕಳೆದ ಮೇಲೆ ನೋಡುತ್ತೇನೆ. ಆ ಎರಡು ಹೆಡರಿನಲ್ಲಿ ಮೊದಲನೆಯದು ಮಾತ್ರ ಇತ್ತು. ಮೇಲ್ ಸರ್ವಿಸಿನ ಸೆಟ್ಟಿಂಗಿನಲ್ಲಿ ಎರಡನೆಯದನ್ನೂ ಹಾಕಿಸಿ, ಲಿಂಕನ್ನು ಅವರ ಪುಟಕ್ಕೇ ತಿರುಗಿಸಿದೆ. 340 ಜನಕ್ಕೆ ಇವತ್ತು ಹೋಯಿತು: ಜಿಮೇಲ್ 270ಕ್ಕೆ 19 ಕ್ಲಿಕ್, ಉಳಿದ 70ಕ್ಕೆ 6. ಪೋಸ್ಟ್‌ಮಾಸ್ಟರಿನಲ್ಲಿ ಮಾತ್ರ ಗ್ರಾಫ್ ಖಾಲಿ.

ಕುಂಬಳೆ_ಅಂಚೆ

ಜಿಮೇಲ್ ಏಳು, ಉಳಿದವು ಎಂಟೂವರೆ ಶೇಕಡಾ. ಚೆನ್ನಾಗಿದೆ, ಇನ್ನೂ ಎರಡು ದಿನ ಕಾದು 600ಕ್ಕೆ ಹೋಗಿ. ಗ್ರಾಫ್ ಖಾಲಿ ಇರುವುದು ಕಳಿಸಿದ ಸಂಖ್ಯೆ ಸಣ್ಣದಾದ್ದರಿಂದ, ಅಷ್ಟಕ್ಕೆ ಅದು ಲೆಕ್ಕ ತೋರಿಸುವುದಿಲ್ಲ. ಖಾಲಿಯನ್ನು ಸೊನ್ನೆ ಅಂತ ಓದಬೇಡಿ. ಸದ್ಯಕ್ಕೆ ಕ್ಲಿಕ್ ಹೋಲಿಕೆಯೇ ನಿಮ್ಮ ಅಳತೆ.

ಪೆರ್ಲದವ_ಶಾರ್ಜಾ

ವಿಳಾಸ ತೆಗೆದಿರಿ ಅಂತ ಗೊತ್ತಾಯಿತು. ಸೈನ್‌ಅಪ್ ಲಿಂಕ್ ಇದ್ದರೆ ಇಲ್ಲಿ ಹಾಕಿ, ಈಗ ನಾನೇ ಸೇರುತ್ತೇನೆ. ಶಾರ್ಜಾಕ್ಕೆ ಸಾಂತಾಣಿ ಕಳಿಸುತ್ತೀರಾ?